ದೆಹಲಿಯ ಕಂಬಕ್ಕೆ 1600 ವರ್ಷ, ನಮ್ಮ ಗೇಟಿಗೆ ಮೂರು ಮಳೆಗಾಲ. ಯಾಕೆ ಹೀಗೆ?

ಉಪ್ಪಳದ ಗೇಟು
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ಮೂರು ವರ್ಷದ ಹಿಂದೆ ಮನೆಗೆ ಗೇಟು ಹಾಕಿಸಿದೆ. ಚೌಕ ಪೈಪಿನದ್ದು. ರೆಡ್ ಆಕ್ಸೈಡ್ ಹೊಡೆದು ಮೇಲೆ ಕರಿ ಪೇಂಟು. ಕಡಲು ನಮ್ಮ ಮನೆಯಿಂದ ಮುಕ್ಕಾಲು ಕಿಲೋಮೀಟರ್. ಮೊದಲ ಮಳೆಗಾಲಕ್ಕೆ ವೆಲ್ಡಿಂಗ್ ಮಾಡಿದಲ್ಲೆಲ್ಲ ಕೆಂಪು ಗೆರೆ ಬಂತು. ಎರಡನೆಯದಕ್ಕೆ ಪೇಂಟು ಹಪ್ಪಳದ ಹಾಗೆ ಉಬ್ಬಿತು. ಈ ಸಲ ಕೆಳಗಿನ ಪೈಪಿಗೆ ಹೆಬ್ಬೆರಳು ಒತ್ತಿದೆ, ಬೆರಳೇ ಒಳಗೆ ಹೋಯಿತು.

ಮೊನ್ನೆ ತಂಗಿಯ ಮಗಳ ಕಾಲೇಜಿನ ಕೆಲಸಕ್ಕೆ ದೆಹಲಿಗೆ ಹೋಗಿದ್ದೆ. ಕುತುಬ್ ಮಿನಾರಿನ ಅಂಗಳದಲ್ಲಿ ಆ ಕಬ್ಬಿಣದ ಕಂಬ ನೋಡಿದೆ. ಏಳು ಮೀಟರಿಗೂ ಸ್ವಲ್ಪ ಜಾಸ್ತಿ ಉದ್ದ, ಆರು ಟನ್ನಿಗೂ ಮೇಲೆ ತೂಕ. ಗುಪ್ತರ ಕಾಲದ್ದು. ಅದರ ಮೇಲೆ ಕೊರೆದ ಬ್ರಾಹ್ಮಿ ಅಕ್ಷರಗಳು ನಿನ್ನೆ ಕೊರೆದ ಹಾಗೆ ಇವೆ. ಪೇಂಟಿಲ್ಲ, ಮೇಲೆ ಮಾಡು ಇಲ್ಲ, ಮಳೆ ಬಿಸಿಲು ಎಲ್ಲ ನೇರ ಬೀಳುತ್ತದೆ.

ನನ್ನ ಪ್ರಶ್ನೆ ಇಷ್ಟೇ. ಅದಕ್ಕೆ ಯಾಕೆ ತುಕ್ಕು ಹಿಡಿಯುವುದಿಲ್ಲ? ಗೊತ್ತಿದ್ದರೆ ಅದೇ ಕಬ್ಬಿಣದಲ್ಲಿ ಈಗ ಗೇಟು ಯಾಕೆ ಮಾಡುವುದಿಲ್ಲ?

ಬದಿಯಡ್ಕ ಎಕ್ಸ್‌ಪ್ರೆಸ್
ಗುಪ್ತರಿಗೆ ಫೋನ್ ಮಾಡಿ ಅಣ್ಣ. ವಾರಂಟಿ ಕಾರ್ಡ್ ಕೇಳಬಹುದು.

ಗತವೈಭವ
ಅದು ಅಷ್ಟಧಾತು. ಎಂಟು ಲೋಹ ಸೇರಿಸಿ ಮಾಡಿದ್ದು. ಆ ಸೂತ್ರ ಈಗ ಯಾರಿಗೂ ಗೊತ್ತಿಲ್ಲ. ವಿದೇಶಿ ವಿಜ್ಞಾನಿಗಳೂ ಕೈ ಚೆಲ್ಲಿದ್ದಾರೆ.

ಪೆರ್ಲ ಟೀಚರ್
ಅಷ್ಟಧಾತು ಅಲ್ಲ. ಶೇಕಡ 99ಕ್ಕೂ ಮೇಲೆ ಬರೀ ಕಬ್ಬಿಣ. 1912ರಲ್ಲಿ ಶೆಫೀಲ್ಡಿನ ರಾಬರ್ಟ್ ಹ್ಯಾಡ್‌ಫೀಲ್ಡ್ ಎನ್ನುವವರು ಒಂದು ಚೂರು ಪರೀಕ್ಷೆ ಮಾಡಿದ್ದರು. ಕಾರಣ ಅದೇ. ಕಬ್ಬಿಣ ಶುದ್ಧ ಇದ್ದರೆ ತುಕ್ಕು ಹಿಡಿಯುವುದಿಲ್ಲ. ಕಲಬೆರಕೆ ಇದ್ದರೆ ಹಿಡಿಯುತ್ತದೆ. ಜೊತೆಗೆ ದೆಹಲಿಯ ಹವೆ ಒಣ. ನಾನು ಮಕ್ಕಳಿಗೂ ಹೀಗೇ ಹೇಳುವುದು.

ಕರೆಂಟ್ ಹೋಯ್ತು
ಕಂಬದ ವಿಷಯ ಬಂದದ್ದು ಒಳ್ಳೆಯದಾಯಿತು. ನಮ್ಮ ಓಣಿಯಲ್ಲಿರುವುದೂ ಕಬ್ಬಿಣದ ಕಂಬವೇ. ಬುಡ ಪೂರ್ತಿ ತಿಂದು ಹೋಗಿದೆ, ತಂತಿಯ ಬಲದಲ್ಲಿ ನಿಂತಿದೆ. ಎರಡು ಸಲ ಅರ್ಜಿ ಕೊಟ್ಟೆವು. ಬಂದವರು ಮೇಲೆ ನೋಡಿ "ಕಂಬ ಸರಿ ಉಂಟಲ್ಲ" ಎಂದು ಹೋದರು. ಇದಕ್ಕೆ ಯಾರನ್ನು ಕೇಳಬೇಕು?

ಬದಿಯಡ್ಕ ಎಕ್ಸ್‌ಪ್ರೆಸ್
ಮಾರಾಯ್ರೆ, ಇದು ದೆಹಲಿಯ ಕಂಬದ ಚರ್ಚೆ.

ಕರೆಂಟ್ ಹೋಯ್ತು
ಓ. ನಾನು ಶೀರ್ಷಿಕೆ ಅರ್ಧವೇ ಓದಿದ್ದು. ಆದರೂ ಕಂಬ ಕಂಬವೇ ಅಲ್ವಾ.

ನಿವೃತ್ತ ಕುಲುಮೆ
ಕರೆಂಟಿನವರು ದಾರಿ ತಪ್ಪಿ ಬಂದರೂ ಸರಿಯಾದ ಕಡೆಗೇ ಕೈ ತೋರಿಸಿದ್ದಾರೆ. ಬುಡದ ವಿಷಯಕ್ಕೆ ಆಮೇಲೆ ಬರುತ್ತೇನೆ. ನಾನು ಭದ್ರಾವತಿಯಲ್ಲಿ ಲ್ಯಾಬಿನಲ್ಲಿದ್ದವನು, ಈಗ ಮುಳ್ಳೇರಿಯದಲ್ಲಿ ತೋಟ ನೋಡಿಕೊಂಡಿದ್ದೇನೆ. ಹೊತ್ತು ಧಾರಾಳ ಇದೆ.

ಮೊದಲು ಪ್ರಶ್ನೆಯನ್ನೇ ಸ್ವಲ್ಪ ತಿದ್ದಬೇಕು. ಆ ಕಂಬಕ್ಕೆ ತುಕ್ಕು ಹಿಡಿದಿದೆ. ಮೈಯೆಲ್ಲ ಹಿಡಿದಿದೆ. ನೀವು ನೋಡಿದ ಆ ಕಂದು ಬಣ್ಣ ಇದೆಯಲ್ಲ, ಅದೇ ತುಕ್ಕು. ಆದರೆ ತೀರಾ ತೆಳು. ಒಂದು ಮಿಲಿಮೀಟರನ್ನು ಇಪ್ಪತ್ತು ಪಾಲು ಮಾಡಿದರೆ ಒಂದು ಪಾಲಿನಷ್ಟು. ಅಷ್ಟಾದ ಮೇಲೆ ಮುಂದೆ ಹೋಗದೆ ನಿಂತುಬಿಟ್ಟಿದೆ. ಹಾಗಾಗಿ ತುಕ್ಕು ಯಾಕೆ ಹಿಡಿಯಲಿಲ್ಲ ಎನ್ನುವುದಕ್ಕಿಂತ, ಹಿಡಿದದ್ದು ಯಾಕೆ ನಿಂತಿತು ಎಂದು ಕೇಳಬೇಕು.

ನಿಮ್ಮ ಗೇಟಿನ ತುಕ್ಕು ಅವಲಕ್ಕಿಯ ಹಾಗೆ. ಪದರ ಪದರ, ಸಡಿಲ, ನೀರು ಕುಡಿದು ಹಿಡಿದಿಟ್ಟುಕೊಳ್ಳುತ್ತದೆ. ಅದರ ಅಡಿಯಲ್ಲಿ ಕಬ್ಬಿಣ ಕೊಳೆಯುತ್ತಲೇ ಇರುತ್ತದೆ. ಕಂಬದ ತುಕ್ಕು ನಮ್ಮ ಹಳೆ ಮನೆಗಳ ಕಾವಿ ನೆಲದ ಹಾಗೆ. ತೆಳು, ಆದರೆ ಉಜ್ಜಿ ನುಣುಪು ಮಾಡಿದ್ದು. ನೀರು ಮೇಲೆಯೇ ನಿಲ್ಲುತ್ತದೆ, ಒಳಗೆ ಇಳಿಯುವುದಿಲ್ಲ.

ಟೀಚರೇ, ಹ್ಯಾಡ್‌ಫೀಲ್ಡರ ವಿಷಯ ಸರಿ. ಶುದ್ಧ ಕಬ್ಬಿಣಕ್ಕೆ ತುಕ್ಕಿಲ್ಲ ಎಂಬುದು ಸರಿಯಲ್ಲ. ಶುದ್ಧ ಕಬ್ಬಿಣವೂ ನಮ್ಮ ಮಳೆಗೆ ಕೆಂಪಾಗುತ್ತದೆ. ಕಂಬವನ್ನು ಉಳಿಸಿದ್ದು ಅದರ ಕಲಬೆರಕೆಯೇ. ರಂಜಕ.

ಪೆರ್ಲ ಟೀಚರ್
ರಂಜಕವಾ? ಬೆಂಕಿಕಡ್ಡಿಯದ್ದಾ? ಹ್ಯಾಡ್‌ಫೀಲ್ಡರ ಪಟ್ಟಿಯಲ್ಲಿ ಅದು 0.114 ಅಷ್ಟೇ. ಅಷ್ಟರಿಂದ ಎಂತ ಆಗುತ್ತದೆ?

ನಿವೃತ್ತ ಕುಲುಮೆ
ಬೆಂಕಿಪೆಟ್ಟಿಗೆಯ ಬದಿಗೆ ಹಚ್ಚುವ ಅದೇ ರಂಜಕ. ಕಂಬ ಎಲ್ಲ ಕಡೆ ಒಂದೇ ಸಮ ಇಲ್ಲ, ಅದಕ್ಕೇ ಬೇರೆ ಬೇರೆಯವರು ತೆಗೆದ ಲೆಕ್ಕ ಬೇರೆ ಬೇರೆ ಬಂದಿದೆ. ಈಗ ಸಾಧಾರಣವಾಗಿ ಹೇಳುವುದು ಶೇಕಡ 0.25 ಅಂತ. ನಿಮ್ಮ ಗೇಟಿನ ಸ್ಟೀಲಿನಲ್ಲಿ 0.05 ದಾಟಲು ಬಿಡುವುದಿಲ್ಲ. ಐದು ಪಟ್ಟು ವ್ಯತ್ಯಾಸ.

ಈಗ ನೋಡಿ, ಕಂಬ ಹೊಸದಾಗಿದ್ದಾಗ ಎಲ್ಲ ಕಬ್ಬಿಣದ ಹಾಗೆ ಅದಕ್ಕೂ ಸಡಿಲ ತುಕ್ಕು ಬಂತು. ಮೇಲಿನ ಕಬ್ಬಿಣ ತುಕ್ಕಾಗಿ ಹೋದಂತೆ ಅದರಲ್ಲಿದ್ದ ರಂಜಕ ಎಲ್ಲಿಗೂ ಹೋಗಲಿಲ್ಲ. ತುಕ್ಕಿಗೂ ಕಬ್ಬಿಣಕ್ಕೂ ನಡುವೆ ಸಿಕ್ಕಿಬಿದ್ದು ಸೇರುತ್ತಾ ಬಂತು. ಮೊಸರು ಕಡೆದಾಗ ಬೆಣ್ಣೆ ಸೇರುವ ಹಾಗೆ. ಒದ್ದೆ ಇದ್ದಾಗ ಅದು ಆಮ್ಲವಾಗಿ ಕಬ್ಬಿಣದ ಜೊತೆ ಸೇರಿ ಫಾಸ್ಫೇಟ್ ಆಯಿತು. ಮೊದಲಿಗೆ ಇದೂ ಮೆತ್ತಗೆ, ಗಟ್ಟಿ ಇಲ್ಲ. ಬಿಸಿಲು ಬಿದ್ದು ಒಣಗಿದಾಗ ಹರಳುಗಟ್ಟಿತು. ಹರಳುಗಟ್ಟುವಾಗ ತುಕ್ಕಿನ ಸಣ್ಣ ಸಣ್ಣ ತೂತುಗಳನ್ನು ಮುಚ್ಚಿತು. ಮುಂದಿನ ಮಳೆಗೆ ಒಳಗೆ ಹೋದ ನೀರು ಕಡಿಮೆ. ಅದರ ಮುಂದಿನದಕ್ಕೆ ಇನ್ನೂ ಕಡಿಮೆ. ಹೀಗೆ ಪ್ರತಿ ಸಲ ನೆನೆದು ಒಣಗಿದಾಗಲೂ ಬೀಗ ಇನ್ನಷ್ಟು ಬಿಗಿ.

ಐಐಟಿ ಕಾನ್ಪುರದ ಆರ್. ಬಾಲಸುಬ್ರಮಣ್ಯಂ ಅವರು 2000ದ ಆಸುಪಾಸಿನಲ್ಲಿ ಕಂಬದ ತುಕ್ಕಿನ ಪುಡಿಯನ್ನೇ ಪರೀಕ್ಷೆ ಮಾಡಿ ಈ ಫಾಸ್ಫೇಟ್ ಹರಳನ್ನು ತೋರಿಸಿದರು. ಹಾಗಾಗಿ ಗತವೈಭವದವರೇ, ಯಾರೂ ಕೈ ಚೆಲ್ಲಿಲ್ಲ. ಕಂಡುಹಿಡಿದದ್ದೂ ನಮ್ಮವರೇ.

ಗತವೈಭವ
ಸರಿ, ರಂಜಕ ಎಂದೇ ಇಟ್ಟುಕೊಳ್ಳುವ. ಅದನ್ನು ಲೆಕ್ಕ ಹಾಕಿ ಸೇರಿಸಿದ್ದು ಯಾರು? ನಮ್ಮ ಪೂರ್ವಿಕರೇ ಅಲ್ವಾ? ಉಕ್ಕಿನ ಕತ್ತಿಗೆ ನಮ್ಮ ದೇಶ ಲೋಕಕ್ಕೇ ಹೆಸರಾಗಿತ್ತು.

ಆಚಾರಿ ಮನೆ
ಕತ್ತಿಯ ಉಕ್ಕು ಬೇರೆ, ಇದು ಬೇರೆ. ನಮ್ಮ ಅಜ್ಜ ಕುಲುಮೆ ಹಾಕುತ್ತಿದ್ದವರು. ಕತ್ತಿಯ ಬಾಯಿಗೆ ಗಡುಸು ಬೇಕು, ಅದಕ್ಕೆ ಇಂಗಾಲ ಜಾಸ್ತಿ ಇರುವ ಉಕ್ಕು. ಕಂಬದ್ದು ಮೆತ್ತನೆ ಕಬ್ಬಿಣ. ಕಾಯಿಸಿ ಬಡಿದರೆ ಹಿಟ್ಟಿನ ಹಾಗೆ ಮಾತು ಕೇಳುವಂಥದ್ದು.

ನನಗೆ ಆಶ್ಚರ್ಯ ಆಗುವುದು ತುಕ್ಕಿನದ್ದಲ್ಲ. ಕರಗಿಸಿ ಎರಕ ಹೊಯ್ಯದೆ ಆರು ಟನ್ನಿನ ಕಂಬ ಮಾಡಿದ್ದು ಹೇಗೆ? ಅಜ್ಜನ ಕಾಲದಲ್ಲಿ ಮೂರು ಕೆಜಿಯ ಪಿಕ್ಕಾಸಿಗೇ ಇಬ್ಬರು ಬೇಕಿತ್ತು. ಒಬ್ಬರು ಇಕ್ಕುಳ ಹಿಡಿಯುವುದು, ಒಬ್ಬರು ಬಡಿಯುವುದು. ತಿದಿ ಒತ್ತಲು ನಾನು.

ನಿವೃತ್ತ ಕುಲುಮೆ
ಒಳ್ಳೆ ಪ್ರಶ್ನೆ. ಉತ್ತರದಲ್ಲೇ ರಂಜಕದ ಗುಟ್ಟೂ ಇದೆ.

ಆಗಿನ ಕುಲುಮೆ ಸಣ್ಣದು. ಅದಿರು, ಇದ್ದಿಲು, ತಿದಿ. ಕಬ್ಬಿಣ ಕರಗಲು 1500 ಡಿಗ್ರಿಗೂ ಮೇಲೆ ಬೇಕು, ಅದು ಆ ಕುಲುಮೆಯಲ್ಲಿ ಆಗದ ಮಾತು. ಹಾಗಾಗಿ ಕಬ್ಬಿಣ ನೀರಾಗದೆ ಸ್ಪಂಜಿನಂಥ ಮುದ್ದೆಯಾಗಿ ಬರುತ್ತಿತ್ತು, ಮೈತುಂಬ ಕಿಟ್ಟದ ಜೊತೆ. ಅದನ್ನು ಬಿಸಿ ಇರುವಾಗಲೇ ಬಡಿದು ಕಿಟ್ಟ ಹಿಂಡಿ ತೆಗೆಯುವುದು. ಪೂರ್ತಿ ಹೋಗುವುದಿಲ್ಲ, ಎಳೆ ಎಳೆಯಾಗಿ ಒಳಗೆ ಉಳಿಯುತ್ತದೆ. ಈ ಕಂಬದಲ್ಲೂ ಉಳಿದಿದೆ. ಹೀಗೆ ತಯಾರಾದ ಮುದ್ದೆ ಒಂದೊಂದು 20ರಿಂದ 30 ಕೆಜಿ. ಅವನ್ನು ಒಂದಕ್ಕೊಂದು ಕಾಯಿಸಿ ಬಡಿದು ಬೆಸೆದಿದ್ದಾರೆ. ಲೆಕ್ಕ ನೀವೇ ಹಾಕಿ, ಆರು ಸಾವಿರ ಕೆಜಿಗೆ ಇನ್ನೂರು ಮುನ್ನೂರು ಮುದ್ದೆ ಬೇಕು. ಒಂದು ಬೆಸುಗೆ ತಣ್ಣಗಾಗುವ ಮೊದಲು ಮುಗಿಸಬೇಕು.

ಈಗ ರಂಜಕ. ಯಾರೂ ಅಳೆದು ಹಾಕಿದ್ದಲ್ಲ. ಅದಿರಿನಲ್ಲೇ ಬಂದದ್ದು. ಎಲ್ಲ ಕಡೆ ಬರುತ್ತದೆ. ಇಂದಿನ ಉಕ್ಕಿನ ಕಾರ್ಖಾನೆಯಲ್ಲಿ ಸುಣ್ಣ ಹಾಕುತ್ತಾರೆ. ಸುಣ್ಣ ರಂಜಕವನ್ನು ಹೀರಿ ಕಿಟ್ಟಕ್ಕೆ ಎಳೆದುಕೊಳ್ಳುತ್ತದೆ. ಆಗಿನವರು ಸುಣ್ಣ ಹಾಕಲಿಲ್ಲ. ಹಾಗಾಗಿ ರಂಜಕ ಕಬ್ಬಿಣದಲ್ಲೇ ಉಳಿಯಿತು. ಇನ್ನೊಂದು ಲಾಭ ಇದ್ದಿಲಿನದ್ದು. ಕಲ್ಲಿದ್ದಲಿನ ಕೋಕಿನಲ್ಲಿ ಗಂಧಕ ಇರುತ್ತದೆ, ಅದು ತುಕ್ಕಿಗೆ ದಾರಿ ಮಾಡಿಕೊಡುತ್ತದೆ. ಮರದ ಇದ್ದಿಲಿನಲ್ಲಿ ಗಂಧಕ ಇಲ್ಲವೆಂದೇ ಹೇಳಬೇಕು.

ಆದರೆ ಒಂದು ಮಾತು ಸೇರಿಸುತ್ತೇನೆ. ಗೊತ್ತಿದ್ದೇ ಆ ಅದಿರು ಆರಿಸಿದರೇ, ಅದೃಷ್ಟವೇ ಎಂಬುದು ಬಗೆಹರಿಯದ ಮಾತು. ಧಾರ್‌ನಲ್ಲಿ ಮುರಿದು ಬಿದ್ದಿರುವ ಕಬ್ಬಿಣದ ಕಂಬ ಇನ್ನೂ ದೊಡ್ಡದು, ಅದರಲ್ಲೂ ರಂಜಕ ಜಾಸ್ತಿ. ಒಂದೇ ಕಡೆ ಆದದ್ದಲ್ಲ. ಕೆಲಸದವರಿಗೆ "ಈ ಕಡೆಯ ಕಬ್ಬಿಣ ಬಾಳುತ್ತದೆ" ಎಂದಾದರೂ ಗೊತ್ತಿತ್ತು ಎಂದು ನನಗನಿಸುತ್ತದೆ. ರಂಜಕ ಎಂಬ ಹೆಸರು ಗೊತ್ತಿರಬೇಕೆಂದಿಲ್ಲ.

ಅಡಿಕೆ ಚೊಗರು
ಸುಣ್ಣ ಹೀರಿದ ಆ ಕಿಟ್ಟ ಎಂತ ಮಾಡುತ್ತಾರೆ?

ನಿವೃತ್ತ ಕುಲುಮೆ
ನೀವು ಕೃಷಿಕರಾ? ಹಾಗಾದರೆ ಖುಷಿಪಡುತ್ತೀರಿ. 1878ರ ಹೊತ್ತಿಗೆ ಇಂಗ್ಲೆಂಡಿನ ಗಿಲ್‌ಕ್ರಿಸ್ಟ್ ಥಾಮಸ್ ಈ ಸುಣ್ಣದ ದಾರಿ ಕಂಡುಕೊಂಡರು. ಆ ಕಿಟ್ಟವನ್ನು ಪುಡಿ ಮಾಡಿ ಯುರೋಪಿನ ರೈತರಿಗೆ ರಂಜಕದ ಗೊಬ್ಬರ ಎಂದು ಮಾರಿದರು. ಥಾಮಸ್ ಗೊಬ್ಬರ ಎಂದೇ ಹೆಸರು. ಕಂಬವನ್ನು ಕಾದ ವಸ್ತು ಅಲ್ಲಿ ಗದ್ದೆಗೆ ಹೋಯಿತು.

ಅಡಿಕೆ ಚೊಗರು
ಇದು ಗೊತ್ತೇ ಇರಲಿಲ್ಲ! ನನ್ನದೊಂದು ಅನುಭವ. ಅಡಿಕೆ ಕೆತ್ತುವ ನಮ್ಮ ಹಳೆ ಕತ್ತಿ ಇದೆ. ಹಸಿ ಅಡಿಕೆಯ ಚೊಗರು ಬಿದ್ದು ಬಿದ್ದು ಕಪ್ಪಾಗಿದೆ. ಅದಕ್ಕೆ ತುಕ್ಕು ಹಿಡಿಯುವುದಿಲ್ಲ. ಕಳೆದ ವರ್ಷ ಮಗ ಚಂದ ಕಾಣಲಿ ಎಂದು ಉಜ್ಜಿ ಬೆಳ್ಳಗೆ ಮಾಡಿದ. ಎಂಟೇ ದಿನಕ್ಕೆ ಕೆಂಪು. ಇದರಲ್ಲೂ ರಂಜಕ ಇರಬಹುದಾ?

ನಿವೃತ್ತ ಕುಲುಮೆ
ಇಲ್ಲ, ಅದು ಚೊಗರಿನ ಕೆಲಸ. ಚೊಗರಿನಲ್ಲಿರುವ ಟ್ಯಾನಿನ್ ಕಬ್ಬಿಣದ ಜೊತೆ ಸೇರಿ ಕಪ್ಪು ಪದರ ಕಟ್ಟುತ್ತದೆ. ಮ್ಯೂಸಿಯಂಗಳಲ್ಲಿ ಹಳೆ ಕಬ್ಬಿಣ ಉಳಿಸಲು ಇದೇ ಟ್ಯಾನಿನ್ ಹಚ್ಚುತ್ತಾರೆ. ವಸ್ತು ಬೇರೆ, ಉಪಾಯ ಒಂದೇ. ಮಗನಿಗೆ ಹೇಳಿ, ಉಜ್ಜಿದ್ದು ತಪ್ಪು.

ಕುಂಬಳೆ ಅಡುಗೆಮನೆ
ನಮ್ಮಲ್ಲಿ ಅತ್ತೆಯ ಕಾಲದ ದೋಸೆ ಕಾವಲಿ ಇದೆ. ಐವತ್ತು ವರ್ಷ ಆಗಿರಬಹುದು. ಒಂದು ಚುಕ್ಕಿ ತುಕ್ಕಿಲ್ಲ. ಹಾಗಾದರೆ ಅದೂ ದೆಹಲಿಯ ಕಬ್ಬಿಣವೇ ಇರಬೇಕು.

ಆಚಾರಿ ಮನೆ
ಅಕ್ಕ, ಕಾವಲಿಯನ್ನು ಕಾಯುತ್ತಿರುವುದು ಎಣ್ಣೆ. ಒಂದು ಸಲ ಸೋಪು ಹಾಕಿ ತಿಕ್ಕಿ, ಒದ್ದೆ ಬಿಟ್ಟು ಬೆಳಗ್ಗೆ ನೋಡಿ.

ಕುಂಬಳೆ ಅಡುಗೆಮನೆ
ಸೋಪು ಹಾಕಿದರೆ ಅತ್ತೆ ಬಿಡುತ್ತಾರಾ! ಬೇಡಪ್ಪ. ನಂಬಿದೆ.

ಪೆರ್ಲ ಟೀಚರ್
ಕುಲುಮೆಯವರೇ, ರಂಜಕ ಒಪ್ಪಿದೆ. ಆದರೆ ಹವೆಯ ಮಾತನ್ನು ನೀವು ಹಾರಿಸಿಬಿಟ್ಟಿರಿ. ದೆಹಲಿಯಲ್ಲಿ ಮಳೆ ಎರಡು ಮೂರು ತಿಂಗಳು. ಉಳಿದದ್ದು ಒಣಗಾಳಿ. ಅದೇ ಕಂಬವನ್ನು ತಂದು ಉಪ್ಪಳದ ಕಡಪುರದಲ್ಲಿ ನಿಲ್ಲಿಸಿ ನೋಡುವ. ಆಗ ಗೊತ್ತಾಗುತ್ತದೆ ರಂಜಕ ಎಷ್ಟು ದೊಡ್ಡದು ಎಂದು.

ನಿವೃತ್ತ ಕುಲುಮೆ
ಟೀಚರು ಬಿಡುವವರಲ್ಲ. ಮಾತು ಅರ್ಧ ಸರಿ. ಗಾಳಿಯಲ್ಲಿ ತೇವ ಶೇಕಡ 70 ದಾಟದೆ ಕಬ್ಬಿಣ ಅಷ್ಟಾಗಿ ತುಕ್ಕು ಹಿಡಿಯುವುದಿಲ್ಲ, ದೆಹಲಿಯಲ್ಲಿ ವರ್ಷದ ಬಹುಪಾಲು ಅದಕ್ಕಿಂತ ಕಡಿಮೆ. ಹವೆಯೇ ಮುಖ್ಯ ಎಂದು ವಾದಿಸಿದ ವಿಜ್ಞಾನಿಗಳೂ ಇದ್ದಾರೆ. ಆದರೆ ದೆಹಲಿಯಲ್ಲೇ ಇಂದಿನ ಕಬ್ಬಿಣದ ಕಿಟಕಿ, ಕಂಬಿ ಎಲ್ಲ ತುಕ್ಕು ಹಿಡಿಯುತ್ತವೆ. ಬರೀ ಹವೆ ಆಗಿದ್ದರೆ ಅವೂ ಉಳಿಯಬೇಕಿತ್ತು.

ನನ್ನ ಲೆಕ್ಕದಲ್ಲಿ ಎರಡೂ ಬೇಕು. ರಂಜಕದ ಪದರ ಗಟ್ಟಿಯಾಗುವುದು ಒಣಗಿದಾಗ. ಒಣಗಲು ಬಿಡದಿದ್ದರೆ ರಂಜಕ ಇದ್ದೂ ಪ್ರಯೋಜನ ಇಲ್ಲ. ಇದಕ್ಕೆ ಸಾಕ್ಷಿ ಅದೇ ಕಂಬದಲ್ಲಿದೆ, ಎಲ್ಲೂ ಹೋಗಬೇಕಾಗಿಲ್ಲ. ಇಲ್ಲಿಗೆ ಕರೆಂಟಿನವರ ಬುಡ ಬಂತು.

ಕಂಬದ ಸುಮಾರು ಒಂದು ಮೀಟರ್ ಮಣ್ಣಿನೊಳಗಿದೆ. 1871ರಲ್ಲಿ ಬೆಗ್ಲರ್ ಎಂಬವರು ಬುಡ ಅಗೆದು ನೋಡಿದರು. ಆ ಕಾಲದಲ್ಲಿ ಕಂಬ ಭೂಮಿಯ ಆಳಕ್ಕೆ ಹೋಗಿದೆ, ಆದಿಶೇಷನ ತಲೆಗೆ ಚುಚ್ಚಿದೆ ಎಂಬ ಕತೆ ಇತ್ತು. ನೋಡಿದರೆ ಬುಡ ಅಷ್ಟರಲ್ಲೇ ಮುಗಿದಿತ್ತು, ಕೆಳಗೆ ಕಬ್ಬಿಣದ ಪಟ್ಟಿಗಳ ಜಾಲರಿ. 1961ರಲ್ಲಿ ಪುರಾತತ್ವ ಇಲಾಖೆಯವರು ಮತ್ತೆ ಅಗೆದರು. ಮಣ್ಣಿನೊಳಗಿನ ಭಾಗಕ್ಕೆ ಚೆನ್ನಾಗಿಯೇ ತುಕ್ಕು ಹಿಡಿದಿತ್ತು, ಮೈಯೆಲ್ಲ ಗುಳಿ ಗುಳಿ. ಅದಕ್ಕೆ ಸೀಸದ ಹಾಳೆ ಸುತ್ತಿ ಮತ್ತೆ ನಿಲ್ಲಿಸಿದರು.

ಒಂದೇ ಕಬ್ಬಿಣ. ಅದೇ ರಂಜಕ. ಮೇಲೆ ಅಕ್ಷರ ಮಾಸಿಲ್ಲ, ಕೆಳಗೆ ಗುಳಿ. ಮಣ್ಣು ಒದ್ದೆ, ಬೇಗ ಒಣಗುವುದಿಲ್ಲ, ಮಣ್ಣಿನ ಉಪ್ಪು ಬೇರೆ.

ಕರೆಂಟ್ ಹೋಯ್ತು
ನೋಡಿ! ನಾನು ಹೇಳಿದ್ದೂ ಅದನ್ನೇ. ಬುಡ ನೋಡಬೇಕು, ಮೇಲೆ ನೋಡಬಾರದು. ಇದನ್ನು ಪ್ರಿಂಟ್ ಮಾಡಿ ಅರ್ಜಿಗೆ ಲಗತ್ತಿಸುತ್ತೇನೆ.

ನಿವೃತ್ತ ಕುಲುಮೆ
ಲಗತ್ತಿಸಿ. ಕಂಬ ಮೊದಲು ಹೋಗುವುದು ಮಣ್ಣು ಮತ್ತು ಗಾಳಿ ಸೇರುವ ಆ ಒಂದು ಗೇಣಿನಲ್ಲಿ. ಸುತ್ತಿಗೆಯಿಂದ ಮೆಲ್ಲ ತಟ್ಟಿ ನೋಡಲು ಹೇಳಿ. ಗಟ್ಟಿ ಇದ್ದಲ್ಲಿ ಟಣ್ ಎನ್ನುತ್ತದೆ, ತಿಂದು ಹೋದಲ್ಲಿ ಡಬ್ ಎನ್ನುತ್ತದೆ. ನೀವೇ ತಟ್ಟಲು ಹೋಗಬೇಡಿ, ಮೇಲೆ ತಂತಿ ಇದೆ.

ಹೊಸನಗರದ ಮಗಳು
ನಾನು ಹೊಸನಗರದವಳು, ಮದುವೆಯಾಗಿ ಮಂಜೇಶ್ವರಕ್ಕೆ ಬಂದದ್ದು. ಟೀಚರ್ ಕೇಳಿದ ಪರೀಕ್ಷೆ ಆಗಲೇ ನಡೆಯುತ್ತಾ ಇದೆ! ನಮ್ಮ ಕೊಡಚಾದ್ರಿಯಲ್ಲಿ ಮೂಲ ಮೂಕಾಂಬಿಕೆ ದೇವಸ್ಥಾನದ ಎದುರು ಕಬ್ಬಿಣದ ಕಂಬ ಇದೆ. ಮೂವತ್ತು ಅಡಿ ಸುಮಾರು. ದೇವಿ ಮೂಕಾಸುರನನ್ನು ಕೊಂದ ತ್ರಿಶೂಲ ಎಂದು ನಂಬುತ್ತಾರೆ. ಜೂನಿನಿಂದ ಸೆಪ್ಟೆಂಬರ್ ತನಕ ಅಲ್ಲಿ ಬಿಸಿಲಿನ ಮುಖವೇ ಕಾಣುವುದಿಲ್ಲ. ಮಂಜು ಬಂದರೆ ಕಂಬದ ತುದಿ ಸಹ ಕಾಣದು. ಆದರೂ ನಿಂತಿದೆ.

ಸಣ್ಣದಿದ್ದಾಗ ಕೈಯಿಂದ ಮುಟ್ಟಿದ್ದು ನೆನಪಿದೆ. ಒರಟು, ಕಂದು ಬಣ್ಣ, ಅಂಗೈಗೆ ಪುಡಿ ಹತ್ತಲಿಲ್ಲ. ನಮ್ಮ ಹಟ್ಟಿಯ ತಗಡು ಮುಟ್ಟಿದರೆ ಕೈಯೆಲ್ಲ ಕೆಂಪಾಗುತ್ತಿತ್ತು.

ನಿವೃತ್ತ ಕುಲುಮೆ
ನಾನೇ ಬರೆಯಬೇಕೆಂದಿದ್ದೆ, ನೀವು ಬರೆದಿರಿ. ಕಲ್ಪಾಕ್ಕಂನ ವಿಜ್ಞಾನಿಗಳು ಆ ಕಂಬವನ್ನು ಪರೀಕ್ಷೆ ಮಾಡಿದ್ದಾರೆ. ಅದೂ ಬಡಿದು ಮಾಡಿದ ಮೆತ್ತನೆ ಕಬ್ಬಿಣವೇ. ಕೈಗೆ ಪುಡಿ ಹತ್ತುವುದಿಲ್ಲ ಎಂದಿರಲ್ಲ, ಅದು ಒಳ್ಳೆಯ ಗುರುತು. ಅಂಟಿಕೊಂಡ ತುಕ್ಕು ಕಾಯುತ್ತದೆ, ಉದುರುವ ತುಕ್ಕು ತಿನ್ನುತ್ತದೆ.

ಪೆರ್ಲ ಟೀಚರ್
ಕೊಡಚಾದ್ರಿ ಬೆಟ್ಟದ ಮೇಲೆ. ಉಪ್ಪು ಗಾಳಿ ಅಲ್ಲಿಗೆ ಎಷ್ಟು ಬರುತ್ತದೆ? ನಾನು ಕೇಳಿದ್ದು ಕಡಪುರ. ಅರ್ಧ ಅಂಕ ಮಾತ್ರ ಕೊಡುತ್ತೇನೆ.

ದುಬೈ ಮಂಜೇಶ್ವರ
ಟೀಚರ್ ಜೊತೆ ನಾನು. ಹದಿನಾಲ್ಕು ವರ್ಷ ಕೊಲ್ಲಿಯಲ್ಲಿ ಪೇಂಟ್ ಇನ್ಸ್‌ಪೆಕ್ಷನ್ ಕೆಲಸ ಮಾಡಿದ್ದೇನೆ. ಉಪ್ಪು ಇದ್ದಲ್ಲಿ ಎಲ್ಲ ಲೆಕ್ಕವೂ ತಲೆಕೆಳಗು. ಕಾರ್ಟೆನ್ ಎಂಬ ಸ್ಟೀಲ್ ಇದೆ. ತಾಮ್ರ, ಕ್ರೋಮಿಯಂ, ಸ್ವಲ್ಪ ರಂಜಕ ಹಾಕಿ ಮಾಡುವುದು. ಪೇಂಟ್ ಬೇಡ, ತಾನೇ ತುಕ್ಕು ಕಟ್ಟಿ ತಾನೇ ನಿಲ್ಲುತ್ತದೆ. ಸೇತುವೆ ಕಟ್ಟುತ್ತಾರೆ. ಆದರೆ ಕಡಲ ಬದಿಗೆ ಅದನ್ನು ಹಾಕಬೇಡಿ ಎಂದು ಮಾಡುವವರೇ ಹೇಳುತ್ತಾರೆ. ಉಪ್ಪು ಆ ಪದರವನ್ನು ಗಟ್ಟಿಯಾಗಲು ಬಿಡುವುದಿಲ್ಲ, ನೀರನ್ನೂ ಎಳೆದು ಇಟ್ಟುಕೊಳ್ಳುತ್ತದೆ.

ಗೇಟಿನವರ ಮೂಲ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ಎಲ್ಲರೂ ಗುಪ್ತರ ಕಾಲಕ್ಕೆ ಹೋದಿರಿ. ಅಣ್ಣ, ನಿಮ್ಮ ಗೇಟು ಹೊರಗಿನಿಂದ ಹೋದದ್ದಲ್ಲ, ಒಳಗಿನಿಂದ ಹೋದದ್ದು. ಚೌಕ ಪೈಪಿನ ಒಳಗೆ ಪೇಂಟ್ ಇರುವುದಿಲ್ಲ. ವೆಲ್ಡಿಂಗಿನಲ್ಲಿ ಸೂಜಿ ಮೊನೆಯಷ್ಟು ತೂತು ಇದ್ದರೆ ಸಾಕು, ನೀರು ಹೋಗುತ್ತದೆ, ಬರಲು ದಾರಿ ಇಲ್ಲ. ಕೆಳಗಿನ ಪೈಪಿನ ಅಡಿಯಲ್ಲಿ ಒಂದು ತೂತು ಕೊರೆದು ನೋಡಿ. ಆಮೇಲೆ ಮಾತಾಡುವ.

ಉಪ್ಪಳದ ಗೇಟು
ಅಯ್ಯೋ, ಈಗ ಡ್ರಿಲ್ ಇಲ್ಲ. ನಾಳೆ ನೋಡುತ್ತೇನೆ. ಅಷ್ಟರಲ್ಲಿ ನನ್ನ ಎರಡನೇ ಪ್ರಶ್ನೆ. ರಂಜಕ ಇಷ್ಟು ಒಳ್ಳೆಯದಾದರೆ ಈಗಿನವರು ಯಾಕೆ ಅದನ್ನು ತೆಗೆದು ಬಿಸಾಡುತ್ತಾರೆ? ಬೇಗ ಹಾಳಾಗಿ ಹೊಸದು ಮಾರಲಿ ಎಂದಾ?

ಬದಿಯಡ್ಕ ಎಕ್ಸ್‌ಪ್ರೆಸ್
ಅದೇ. ಮೊಬೈಲಿನ ಬ್ಯಾಟರಿಯ ಹಾಗೆ.

ನಿವೃತ್ತ ಕುಲುಮೆ
ಹಾಗಲ್ಲ ಮಾರಾಯ. ರಂಜಕ ಜಾಸ್ತಿ ಇದ್ದರೆ ಕಬ್ಬಿಣ ಬಿರುಸಾಗುತ್ತದೆ. ಚಳಿಯಲ್ಲಿ ಇನ್ನೂ ಮೋಸ. ಬಗ್ಗಬೇಕಾದಲ್ಲಿ ಬಿರಿಯುತ್ತದೆ. ಕಂಬಕ್ಕೆ ಎಂತ ಕಷ್ಟ? ತನ್ನ ಭಾರ ಹೊತ್ತು ಸುಮ್ನೆ ನಿಂತರೆ ಆಯಿತು. ರೈಲಿನ ಹಳಿ, ಸೇತುವೆ, ಹಡಗು ಹಾಗಲ್ಲ, ಹೊಡೆತ ತಿನ್ನಬೇಕು. ಹಳಿ ಎರಡು ತುಂಡಾಗುವುದಕ್ಕಿಂತ ತುಕ್ಕು ಹಿಡಿಯುವುದು ಮೇಲು, ತುಕ್ಕಿಗೆ ಪೇಂಟು ಹೊಡೆಯಬಹುದು. ವೆಲ್ಡಿಂಗಿಗೂ ರಂಜಕ ಆಗುವುದಿಲ್ಲ, ಬೆಸುಗೆಯಲ್ಲಿ ಬಿರುಕು ಬರುತ್ತದೆ. ನಿಮ್ಮ ಗೇಟು ಪೂರ್ತಿ ವೆಲ್ಡಿಂಗೇ ಅಲ್ವಾ?

ಗತವೈಭವ
ಕಂಬಕ್ಕೆ ಫಿರಂಗಿ ಗುಂಡು ಹೊಡೆದರೂ ಮುರಿಯಲಿಲ್ಲ ಎನ್ನುತ್ತಾರೆ. ಬಿರುಸಾಗಿದ್ದರೆ ಮುರಿಯಬೇಕಿತ್ತಲ್ಲ?

ನಿವೃತ್ತ ಕುಲುಮೆ
ಇದು ಒಳ್ಳೆ ಏಟು. ಹೌದು, ಮೇಲೆ ಸುಮಾರು ನಾಲ್ಕು ಮೀಟರ್ ಎತ್ತರದಲ್ಲಿ ಒಂದು ಕಡೆ ತಗ್ಗಿದೆ, ಗುಂಡು ಬಿದ್ದದ್ದು ಎನ್ನುತ್ತಾರೆ. 1739ರ ನಾದಿರ್ ಶಾ ಎಂದು ಕತೆ. ತಗ್ಗು ಬಿದ್ದರೂ ಕಂಬ ನಿಂತಿದೆ. ಅಷ್ಟು ದಪ್ಪದ ಕಂಬ, ಇಂಗಾಲ ಕಡಿಮೆ, ಹಾಗಾಗಿ ತಡೆದಿರಬಹುದು. ನಾನು ಹೇಳಿದ್ದು ತೆಳು ತಗಡು, ಪೈಪು, ಹಳಿಯ ವಿಷಯ. ಆದರೂ ನಿಮ್ಮ ಪ್ರಶ್ನೆಗೆ ಪೂರ್ತಿ ಉತ್ತರ ಕೊಟ್ಟೆ ಎಂದು ನನಗೇ ಅನಿಸುತ್ತಿಲ್ಲ.

ಗತವೈಭವ
ಬರೆದಿಟ್ಟುಕೊಂಡೆ. ಒಂದಾದರೂ ಗೆದ್ದೆ.

ಹೊಸನಗರದ ಮಗಳು
ಆ ಕಂಬವನ್ನು ಬೆನ್ನು ಹಾಕಿ ತಬ್ಬಿದರೆ ಅದೃಷ್ಟ ಎನ್ನುತ್ತಾರಲ್ಲ. ಗೇಟಿನವರೇ ತಬ್ಬಿದಿರಾ?

ಉಪ್ಪಳದ ಗೇಟು
ಸುತ್ತ ಬೇಲಿ ಹಾಕಿದ್ದಾರೆ. ಹತ್ತಿರ ಬಿಡುವುದಿಲ್ಲ.

ನಿವೃತ್ತ ಕುಲುಮೆ
1997ರಲ್ಲಿ ಹಾಕಿದ್ದು. ಜನ ತಬ್ಬಿ ತಬ್ಬಿ ಆ ಎತ್ತರದಲ್ಲಿ ಕಂಬ ಹೊಳೆಯುತ್ತಿತ್ತು. ಹೊಳಪು ಎಂದರೆ ಪದರ ಸವೆದು ಹೋದದ್ದು. ಅಡಿಕೆ ಕತ್ತಿಗೆ ಮಗ ಮಾಡಿದ ಕೆಲಸವನ್ನೇ ಅಲ್ಲಿ ಸಾವಿರಾರು ಜನ ಮಾಡಿದ್ದರು.

ಬದಿಯಡ್ಕ ಎಕ್ಸ್‌ಪ್ರೆಸ್
ಒಂದು ಡೌಟು. ನಮ್ಮ ಮನೆ ಕಟ್ಟುವ ಕೆಂಪುಕಲ್ಲು ಕೆಂಪಿರುವುದು ಯಾಕೆ? ಅದೂ ತುಕ್ಕಾ?

ಪೆರ್ಲ ಟೀಚರ್
ಹೌದು, ಅದು ನನಗೆ ಗೊತ್ತು! ಕಬ್ಬಿಣದ ಆಕ್ಸೈಡೇ. ಮಳೆ ಉಳಿದದ್ದನ್ನೆಲ್ಲ ತೊಳೆದುಕೊಂಡು ಹೋದ ಮೇಲೆ ಉಳಿದದ್ದು. ಬೇಕಲ ಕೋಟೆಯ ಗೋಡೆಯನ್ನು ಬೇಕಾದರೆ ತುಕ್ಕಿನ ಕೋಟೆ ಎನ್ನಬಹುದು.

ಬದಿಯಡ್ಕ ಎಕ್ಸ್‌ಪ್ರೆಸ್
ಅಂದರೆ ಗೇಟು ಹಾಳಾಗುತ್ತಿಲ್ಲ, ನಿಧಾನ ಕಾಂಪೌಂಡ್ ಗೋಡೆಯಾಗುತ್ತಿದೆ.

ಉಪ್ಪಳದ ಗೇಟು
ಡ್ರಿಲ್ ಸಿಕ್ಕಿತು. ದುಬೈಯವರು ಹೇಳಿದ ಹಾಗೆ ಕೆಳಗಿನ ಪೈಪಿಗೆ ಅಡಿಯಿಂದ ತೂತು ಹಾಕಿದೆ. ಬಿಟ್ ಒಳಗೆ ಹೋದ ಕೂಡಲೇ ಚಹಾದ ಬಣ್ಣದ ನೀರು ನನ್ನ ಅಂಗಿಗೆ ಹಾರಿತು. ಲೋಟ ಹಿಡಿದೆ, ಮುಕ್ಕಾಲು ಲೋಟ ಬಂತು. ಜೊತೆಗೆ ಕರಿ ಕರಿ ಹಕ್ಕಳೆಗಳು. ಮಳೆ ಬಿಟ್ಟು ಹತ್ತು ದಿನ ಆಗಿದೆ!

ದುಬೈ ಮಂಜೇಶ್ವರ
ಅದೇ ನಿಮ್ಮ ಗೇಟಿನ ಮಣ್ಣಿನೊಳಗಿನ ಬುಡ. ಎಂದೂ ಒಣಗಲೇ ಇಲ್ಲ.

ಹೊಸದು ಮಾಡಿಸುವುದಾದರೆ ಹೇಳುತ್ತೇನೆ. ಪೈಪ್ ಬಿಟ್ಟು ಪಟ್ಟಿ ಮತ್ತು ಸರಳು ಹಾಕಿ, ನೀರು ನಿಲ್ಲಲು ಜಾಗವೇ ಇರಬಾರದು. ಪೂರ್ತಿ ವೆಲ್ಡಿಂಗ್ ಮುಗಿದ ಮೇಲೆ ಹಾಟ್ ಡಿಪ್ ಮಾಡಿಸಿ, ಅಂದರೆ ಕರಗಿದ ಸತುವಿನಲ್ಲಿ ಗೇಟನ್ನೇ ಮುಳುಗಿಸುವುದು. ಪೈಪೇ ಬೇಕೆಂದರೆ ಎರಡೂ ಕಡೆ ತೂತು ಇಡಲೇಬೇಕು. ಸತು 450 ಡಿಗ್ರಿ ಬಿಸಿ ಇರುತ್ತದೆ, ಒಳಗೆ ತೇವ ಸಿಕ್ಕಿಕೊಂಡರೆ ಪೈಪ್ ಸಿಡಿಯುತ್ತದೆ. ಮತ್ತೆ ಬೇಸಿಗೆಯಲ್ಲಿ ವಾರಕ್ಕೊಮ್ಮೆ ಸಿಹಿನೀರಿನಲ್ಲಿ ತೊಳೆಯಿರಿ. ಮಳೆಗಾಲದಲ್ಲಿ ಉಪ್ಪು ತಾನೇ ತೊಳೆದು ಹೋಗುತ್ತದೆ. ಜನವರಿಯಿಂದ ಮೇ ತನಕ ಕೂತದ್ದು ಕೂತೇ ಇರುತ್ತದೆ.

ಉಪ್ಪಳದ ಗೇಟು
ಹಾಟ್ ಡಿಪ್ ನಮ್ಮ ಕಡೆ ಎಲ್ಲಿ ಮಾಡುತ್ತಾರೆ?

ದುಬೈ ಮಂಜೇಶ್ವರ
ಮಂಗಳೂರು ಕಡೆ ವಿಚಾರಿಸಿ. ಗೇಟಿನ ಅಳತೆ ಮೊದಲೇ ಹೇಳಿ. ಅವರ ತೊಟ್ಟಿಗಿಂತ ಗೇಟು ಉದ್ದ ಆದರೆ ಹಿಂದೆ ತರಬೇಕಾದೀತು.

ಆಚಾರಿ ಮನೆ
ಗೇಟಿನವರೇ, ಹಳೆ ಗೇಟು ಗುಜರಿಗೆ ಕೊಡುವ ಮೊದಲು ಕೆಳಗಿನ ಪೈಪಿನ ಒಂದು ಅಡಿ ನನಗೆ ಇಡಿ. ಅಜ್ಜನ ಪಿಕ್ಕಾಸು ಅಟ್ಟದಲ್ಲಿದೆ, ಕಾವು ಮುರಿದು ಎಷ್ಟೋ ವರ್ಷ ಆಯಿತು. ಎರಡನ್ನೂ ಮಾಡಿನ ಕೆಳಗಲ್ಲ, ಅಂಗಳದ ಬೇಲಿಗೆ ಕಟ್ಟಿಡುತ್ತೇನೆ.

ಪೆರ್ಲ ಟೀಚರ್
ನಮ್ಮ ಮಕ್ಕಳನ್ನು ಕರೆದುಕೊಂಡು ಬರಲಾ? ಪ್ರತಿ ತಿಂಗಳು ತೂಕ ನೋಡುವ.

ಆಚಾರಿ ಮನೆ
ಬನ್ನಿ ಟೀಚರೇ. ತಕ್ಕಡಿ ನೀವೇ ತನ್ನಿ. ನಮ್ಮದು ತುಕ್ಕು ಹಿಡಿದಿದೆ.